ಮಳೆಗಾಲದ ಸವಾರಿಗೆ ಸ್ಕೂಟರ್ ಟೈರಿನ ಆಯ್ಕೆ: ಪುತ್ತೂರು, ಸುಳ್ಯ ಮತ್ತು ಕಡಬ ತಾಲ್ಲೂಕುಗಳ ವಾಹನ ಮಾಲೀಕರಿಗೆ ಮಾಹಿತಿ

1. ಪೀಠಿಕೆ

ಪುತ್ತೂರು, ಸುಳ್ಯ ಮತ್ತು ಕಡಬ ತಾಲ್ಲೂಕುಗಳಲ್ಲಿ ಸ್ಕೂಟರ್ ಹೊಂದಿರುವ ನಾಗರಿಕರು ಟೈರುಗಳನ್ನು ಬದಲಾಯಿಸುವ ಮುನ್ನ ತಿಳಿದಿರಬೇಕಾದ ಅಂಶಗಳನ್ನು ಈ ಪುಟದಲ್ಲಿ ನೀಡಲಾಗಿದೆ. ವಾಹನದ ನೋಂದಣಿ ನವೀಕರಣಕ್ಕಾಗಿ ಅರ್ಜಿ ಸಲ್ಲಿಸಲಿರುವವರಿಗೂ ಮಳೆಗಾಲಕ್ಕೆ ಮುನ್ನ ಟೈರು ಕೊಳ್ಳಲಿರುವವರಿಗೂ ಈ ಮಾಹಿತಿ ಉಪಯುಕ್ತವಾಗುತ್ತದೆ.

ಟೈರು ಕೊಳ್ಳುವಾಗ ಸಾಮಾನ್ಯವಾಗಿ ಎರಡು ಅಂಶಗಳನ್ನಷ್ಟೇ ನೋಡಲಾಗುತ್ತದೆ. ಮೊದಲನೆಯದು ಬೆಲೆ, ಎರಡನೆಯದು ಟೈರಿನ ಮೇಲಿನ ಅಚ್ಚು ಎಷ್ಟು ದಪ್ಪವಾಗಿ, ಒರಟಾಗಿ ಕಾಣುತ್ತದೆ ಎಂಬುದು. ಅಚ್ಚು ಒರಟಾಗಿದ್ದಷ್ಟೂ ಮಳೆಯಲ್ಲಿ ಹಿಡಿತ ಹೆಚ್ಚು ಎಂಬ ಭಾವನೆ ವ್ಯಾಪಕವಾಗಿದೆ. ಇದು ಕೆಸರಿನ ಮಟ್ಟಿಗೆ ನಿಜ. ಒದ್ದೆಯಾದ ಡಾಂಬರು ರಸ್ತೆಯ ಮಟ್ಟಿಗೆ ನಿಜವಲ್ಲ. ಡಾಂಬರಿನ ಮೇಲೆ ಸ್ಕೂಟರನ್ನು ಹಿಡಿದು ನಿಲ್ಲಿಸುವುದು ಮುಖ್ಯವಾಗಿ ರಬ್ಬರಿನ ಮಿಶ್ರಣ. ಮುಂದಿನ ಮತ್ತು ಹಿಂದಿನ ಚಕ್ರಗಳ ಕೆಲಸವೂ ಒಂದೇ ಅಲ್ಲವಾದ್ದರಿಂದ ಎರಡಕ್ಕೂ ಪ್ರತ್ಯೇಕವಾಗಿ ಯೋಚಿಸಿ ಟೈರು ಆರಿಸುವುದು ಸೂಕ್ತ.

2. ನಿಯಮಗಳಲ್ಲಿ ಇರುವುದೇನು

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ನಿಯಮ 94ರ ಪ್ರಕಾರ ದ್ವಿಚಕ್ರ ವಾಹನದ ಟೈರಿನಲ್ಲಿ ಟ್ರೆಡ್‌ನ ಆಳ 0.8 ಮಿ.ಮೀ.ಗಿಂತ ಕಡಿಮೆ ಇರಬಾರದು. ಟೈರಿನ ಮೇಲ್ಮೈಯಲ್ಲಿ ಕಾಣುವ ಕಾಲುವೆಗಳಿಗೆ ಗ್ರೂವ್ ಎಂದೂ, ಅವುಗಳ ನಡುವೆ ಎದ್ದು ನಿಂತಿರುವ ರಬ್ಬರಿನ ತುಂಡುಗಳಿಗೆ ಬ್ಲಾಕ್ ಎಂದೂ ಹೆಸರು. ಗ್ರೂವ್‌ನ ಆಳವೇ ಟ್ರೆಡ್‌ನ ಆಳ. ಅದೇ ನಿಯಮದಂತೆ, ಒಳಗಿನ ನೂಲಿನ ಪದರ ಹೊರಗೆ ಕಾಣುತ್ತಿರುವ ಟೈರು ಹಾಗೂ ಒಂದು ಕಡೆ ಉಬ್ಬಿರುವ ಟೈರು ಸುಸ್ಥಿತಿಯಲ್ಲಿದೆ ಎಂದು ಪರಿಗಣಿಸಲಾಗುವುದಿಲ್ಲ.

ಖಾಸಗಿ ಸ್ಕೂಟರಿನ ನೋಂದಣಿ 15 ವರ್ಷ ಚಾಲ್ತಿಯಲ್ಲಿರುತ್ತದೆ. ಅವಧಿ ಮುಗಿಯುವ ದಿನಕ್ಕೆ ಮುಂಚಿನ 60 ದಿನಗಳೊಳಗೆ ನಮೂನೆ 25ರಲ್ಲಿ ನವೀಕರಣಕ್ಕೆ ಅರ್ಜಿ ಸಲ್ಲಿಸಬೇಕು ಮತ್ತು ವಾಹನವನ್ನು ತಪಾಸಣೆಗೆ ಹಾಜರುಪಡಿಸಬೇಕು. ಈ ಮೂರೂ ತಾಲ್ಲೂಕುಗಳ ವಾಹನಗಳಿಗೆ ಕೆಎ 21 ನೋಂದಣಿ ಸಂಕೇತ ನೀಡುವ ಪುತ್ತೂರಿನ ಸಹಾಯಕ ಪ್ರಾದೇಶಿಕ ಸಾರಿಗೆ ಅಧಿಕಾರಿಗಳ ಕಚೇರಿಯೇ ಇದಕ್ಕೆ ಸಂಬಂಧಪಟ್ಟ ಕಚೇರಿ. ತಪಾಸಣೆಯ ದಿನ ಟೈರು ಮೇಲಿನ ನಿಯಮಕ್ಕೆ ಅನುಗುಣವಾಗಿರಬೇಕು.

ಆದರೆ 0.8 ಮಿ.ಮೀ. ಎಂಬುದು ಕಾನೂನಿನ ಕನಿಷ್ಠ ಮಿತಿ ಮಾತ್ರ. ತಪಾಸಣೆಯಲ್ಲಿ ಉತ್ತೀರ್ಣವಾದ ಟೈರು ಜುಲೈ ತಿಂಗಳ ಮಳೆಗೆ ತಕ್ಕುದಾಗಿದೆ ಎಂದು ಅರ್ಥವಲ್ಲ. ಈ ಭಾಗದ ಸವಾರರು ಮಳೆಗಾಲದ ಉದ್ದಕ್ಕೂ 2 ಮಿ.ಮೀ. ಆಳ ಉಳಿಯುವಂತೆ ನೋಡಿಕೊಳ್ಳುವುದು ಉತ್ತಮ. ಇದರ ಕಾರಣ ಮುಂದಿನ ಭಾಗಗಳಲ್ಲಿ ಸ್ಪಷ್ಟವಾಗುತ್ತದೆ.

3. ಈ ಭಾಗದ ರಸ್ತೆ ಮತ್ತು ಮಳೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ರಸ್ತೆಗಳು ಒಣಗುವುದೇ ವಿರಳ. ಒಬ್ಬನೇ ಸವಾರ ಒಂದೇ ದಿನದಲ್ಲಿ ಮೂರು ಬಗೆಯ ನೆಲದ ಮೇಲೆ ಸಾಗಬೇಕಾಗುತ್ತದೆ.

ಮೊದಲನೆಯದು ಡಾಂಬರು. ಮಾಣಿಯಿಂದ ಪುತ್ತೂರು, ಸುಳ್ಯಗಳ ಮೂಲಕ ಸಂಪಾಜೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 275, ಉಪ್ಪಿನಂಗಡಿಯಿಂದ ಕಡಬದ ಮೂಲಕ ಸುಬ್ರಹ್ಮಣ್ಯಕ್ಕೆ ಹೋಗುವ ರಸ್ತೆ ಮತ್ತು ಬೆಳ್ಳಾರೆ, ಗುತ್ತಿಗಾರು, ಕಾಣಿಯೂರು ಕಡೆಯ ರಸ್ತೆಗಳು ಈ ಗುಂಪಿಗೆ ಸೇರುತ್ತವೆ. ಇವುಗಳಲ್ಲಿ ತಿರುವು, ಏರು ಮತ್ತು ಇಳಿಜಾರು ಹೆಚ್ಚು. ಮಳೆನೀರು ತುಂಬಿದಾಗ ಹೊಂಡದ ಆಳ ಕಣ್ಣಿಗೆ ಕಾಣುವುದಿಲ್ಲ.

ಎರಡನೆಯದು ಮುಖ್ಯರಸ್ತೆಯಿಂದ ಮನೆಯವರೆಗಿನ ಮಣ್ಣಿನ ದಾರಿ. ತೋಟದ ಅಂಚಿನ ಇಂತಹ ದಾರಿಗಳಲ್ಲಿ ಕೆಂಪು ಮಣ್ಣು ನೆನೆದು ಜಾರುತ್ತದೆ. ಆ ಮಣ್ಣು ವಾಹನಗಳ ಚಕ್ರಕ್ಕೆ ಅಂಟಿಕೊಂಡು ಡಾಂಬರು ರಸ್ತೆಯ ಮೊದಲ ಕೆಲವು ಮೀಟರುಗಳಲ್ಲೂ ಹರಡಿರುತ್ತದೆ.

ಮೂರನೆಯದು ಗ್ರಾಮೀಣ ಕಾಂಕ್ರೀಟ್ ರಸ್ತೆ. ಅಡಿಕೆ ಮತ್ತು ರಬ್ಬರ್ ತೋಟಗಳ ನೆರಳಿನಲ್ಲಿರುವ ಕಾಂಕ್ರೀಟಿನ ಮೇಲೆ ಜುಲೈ ಹೊತ್ತಿಗೆ ಪಾಚಿ ಕಟ್ಟುತ್ತದೆ. ಪಾಚಿಯ ಮೇಲೆ ಯಾವ ಮಿಶ್ರಣದ, ಯಾವ ಅಚ್ಚಿನ ಟೈರೂ ಭರವಸೆಯ ಹಿಡಿತ ನೀಡುವುದಿಲ್ಲ, ಏಕೆಂದರೆ ರಬ್ಬರು ಕಾಂಕ್ರೀಟನ್ನು ಮುಟ್ಟುವುದೇ ಇಲ್ಲ. ಇಲ್ಲಿ ಉಪಾಯವೆಂದರೆ ವೇಗ ತಗ್ಗಿಸುವುದು, ಚಕ್ರಗಳ ಓಡಾಟದಿಂದ ಪಾಚಿ ಸವೆದಿರುವ ಪಟ್ಟಿಯ ಮೇಲೆ ಸಾಗುವುದು ಮತ್ತು ಪಾಚಿಯನ್ನು ಉಜ್ಜಿ ತೆಗೆಯುವುದು. ಆದ್ದರಿಂದ ಟೈರಿನ ಆಯ್ಕೆಯನ್ನು ಮೊದಲ ಎರಡು ಬಗೆಯ ನೆಲವನ್ನು ಗಮನದಲ್ಲಿಟ್ಟು ಮಾಡಬೇಕು.

4. ರಬ್ಬರಿನ ಮಿಶ್ರಣ

ಈ ತಾಲ್ಲೂಕುಗಳ ಜನರಿಗೆ ರಬ್ಬರು ಅಪರಿಚಿತವಲ್ಲ. ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ತೋಟಗಳಲ್ಲೂ ಖಾಸಗಿ ತೋಟಗಳಲ್ಲೂ ಹಾಲು ತೆಗೆದು, ಶೀಟು ಮಾಡಿ, ಹೊಗೆಯಲ್ಲಿ ಒಣಗಿಸುವುದನ್ನು ಹಲವರು ದಿನವೂ ನೋಡುತ್ತಾರೆ. ಆ ನೈಸರ್ಗಿಕ ರಬ್ಬರು ಟೈರಿನ ಒಂದು ಘಟಕ ಮಾತ್ರ. ಅದರ ಜೊತೆಗೆ ಕೃತಕ ರಬ್ಬರುಗಳು, ಕಾರ್ಬನ್ ಕಪ್ಪು, ಸಿಲಿಕಾ, ಎಣ್ಣೆ ಮತ್ತು ಗಂಧಕ ಸೇರುತ್ತವೆ. ಇವುಗಳ ಪ್ರಮಾಣವೇ ಮಿಶ್ರಣ. ಪ್ರತಿ ಕಂಪನಿಯೂ ಅದನ್ನು ಗುಟ್ಟಾಗಿಡುತ್ತದೆ.

ನೈಸರ್ಗಿಕ ರಬ್ಬರು ಹರಿಯುವುದನ್ನು ಚೆನ್ನಾಗಿ ತಡೆಯುತ್ತದೆ. ಚೂಪಾದ ಜಲ್ಲಿ ಮತ್ತು ಮುರಕಲ್ಲಿನ ಮೇಲೆ ಇದು ದೊಡ್ಡ ಗುಣ. ಆದರೆ ಒದ್ದೆ ಡಾಂಬರಿನ ಮೇಲಿನ ಹಿಡಿತದಲ್ಲಿ ಸ್ಟೈರೀನ್ ಬ್ಯುಟಡೈಯೀನ್ ಎಂಬ ಕೃತಕ ರಬ್ಬರು ಅದಕ್ಕಿಂತ ಮುಂದಿದೆ. ಕಾರಣ ಹೀಗಿದೆ. ಡಾಂಬರಿನ ಮೇಲ್ಮೈಯಲ್ಲಿ ಅಸಂಖ್ಯ ಸಣ್ಣ ಉಬ್ಬುಗಳಿರುತ್ತವೆ. ಚಕ್ರ ಜಾರಲು ತೊಡಗಿದಾಗ ರಬ್ಬರು ಆ ಉಬ್ಬುಗಳ ಸುತ್ತ ಒತ್ತಿಕೊಂಡು ಮತ್ತೆ ಬಿಡಿಸಿಕೊಳ್ಳುತ್ತದೆ. ಒತ್ತಿದ ರಬ್ಬರು ತಟಕ್ಕನೆ ಪುಟಿದು ಮೊದಲ ಆಕಾರಕ್ಕೆ ಬಂದರೆ ಹಿಡಿತ ಕಡಿಮೆ. ನಿಧಾನವಾಗಿ, ಸ್ವಲ್ಪ ಶಕ್ತಿಯನ್ನು ಹೀರಿಕೊಂಡು ಬಂದರೆ ಹಿಡಿತ ಹೆಚ್ಚು. ನೈಸರ್ಗಿಕ ರಬ್ಬರು ಪುಟಿಯುವ ಜಾತಿಯದು, ಸ್ಟೈರೀನ್ ಬ್ಯುಟಡೈಯೀನ್ ಹೀರಿಕೊಳ್ಳುವ ಜಾತಿಯದು. ಒಣ ರಸ್ತೆಯಲ್ಲಿ ರಬ್ಬರು ಡಾಂಬರಿಗೆ ನೇರವಾಗಿ ಅಂಟಿಕೊಂಡು ಇನ್ನೊಂದು ಬಗೆಯ ಹಿಡಿತವನ್ನೂ ಪಡೆಯುತ್ತದೆ. ಮಳೆಯಲ್ಲಿ ನೀರಿನ ತೆಳು ಪೊರೆ ಆ ಅಂಟುವಿಕೆಯನ್ನು ಬಹುಮಟ್ಟಿಗೆ ಕಿತ್ತುಕೊಳ್ಳುತ್ತದೆ. ಆಗ ಶಕ್ತಿ ಹೀರುವ ಗುಣವೇ ಮುಖ್ಯ ಆಸರೆಯಾಗುತ್ತದೆ.

ಸಿಲಿಕಾ ಎಂಬುದು ಮರಳಿನ ಜಾತಿಯ ಅತಿ ನುಣುಪಾದ ಪುಡಿ. ಕಾರ್ಬನ್ ಕಪ್ಪಿನ ಒಂದು ಭಾಗದ ಬದಲಿಗೆ ಇದನ್ನು ಸೇರಿಸಿದರೆ ಟೈರು ಉರುಳುವಾಗ ಇಂಧನ ಹೆಚ್ಚು ವ್ಯಯವಾಗದೆ ಒದ್ದೆ ರಸ್ತೆಯ ಹಿಡಿತ ಸುಧಾರಿಸುತ್ತದೆ. ಕಾರುಗಳಲ್ಲಿ 1990ರ ದಶಕದಲ್ಲಿ ಬಳಕೆಗೆ ಬಂದ ಈ ಪದ್ಧತಿ ದ್ವಿಚಕ್ರ ವಾಹನಗಳ ಟೈರುಗಳಿಗೂ ಬಂದಿದೆ.

ಮೃದುವಾದ, ಹಿಡಿತ ಹೆಚ್ಚಿರುವ ಮಿಶ್ರಣ ಬೇಗ ಸವೆಯುತ್ತದೆ. ಗಟ್ಟಿಯಾದ ಮಿಶ್ರಣ ಹೆಚ್ಚು ಕಿಲೋಮೀಟರು ಬಾಳುತ್ತದೆ, ಆದರೆ ಮಳೆಯಲ್ಲಿ ಜಾರುವ ಸಂಭವ ಹೆಚ್ಚು. ಎರಡೂ ಗುಣಗಳು ಒಂದೇ ಟೈರಿನಲ್ಲಿ ಪೂರ್ಣವಾಗಿ ದೊರೆಯುವುದಿಲ್ಲ. ಇಲ್ಲಿಯೇ ಮುಂದಿನ ಮತ್ತು ಹಿಂದಿನ ಚಕ್ರಗಳ ವ್ಯತ್ಯಾಸ ನೆರವಿಗೆ ಬರುತ್ತದೆ. ಬ್ರೇಕ್ ಹಿಡಿದಾಗ ಸವಾರನ ಮತ್ತು ವಾಹನದ ಭಾರ ಮುಂದಕ್ಕೆ ವಾಲುತ್ತದೆ. ಆಗ ನಿಲ್ಲಿಸುವ ಕೆಲಸದ ಹೆಚ್ಚಿನ ಪಾಲು ಮುಂದಿನ ಚಕ್ರದ್ದು, ತಿರುಗಿಸುವ ಕೆಲಸವೂ ಅದರದ್ದೇ. ಹಿಂದಿನ ಚಕ್ರ ಜಾರಿದರೆ ಸವಾರನಿಗೆ ಸರಿಪಡಿಸಿಕೊಳ್ಳಲು ಒಂದಿಷ್ಟು ಅವಕಾಶವಿರುತ್ತದೆ. ಮುಂದಿನ ಚಕ್ರ ಜಾರಿದರೆ ಸಾಮಾನ್ಯವಾಗಿ ಅವಕಾಶವಿರುವುದಿಲ್ಲ. ಸ್ಕೂಟರಿನಲ್ಲಿ ಎಂಜಿನ್ನಿನ ಎಳೆತ ಮತ್ತು ಹೆಚ್ಚಿನ ಭಾರ ಹಿಂದಿನ ಚಕ್ರದ ಮೇಲಿರುವುದರಿಂದ ಬೇಗ ಸವೆಯುವುದು ಹಿಂದಿನ ಟೈರು. ಆದ್ದರಿಂದ ಮುಂದೆ ಹಿಡಿತ ಹೆಚ್ಚಿರುವ ಮಿಶ್ರಣ, ಹಿಂದೆ ಬಾಳಿಕೆ ಮತ್ತು ಹರಿಯದ ಗುಣವಿರುವ ಮಧ್ಯಮ ಮಿಶ್ರಣ ಎಂಬ ಹೊಂದಾಣಿಕೆ ಈ ಭಾಗಕ್ಕೆ ಸೂಕ್ತ.

ಹಿಡಿತದ ವ್ಯತ್ಯಾಸ ಎಷ್ಟು ಮುಖ್ಯ ಎಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗುತ್ತಿರುವ ಸ್ಕೂಟರಿನ ಹಿಡಿತದ ಗುಣಾಂಕ 0.7 ಎಂದಿಟ್ಟುಕೊಂಡರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಸುಮಾರು 9 ಮೀಟರು ಬೇಕು. ಅದು 0.4ಕ್ಕೆ ಇಳಿದರೆ ಸುಮಾರು 16 ಮೀಟರು ಬೇಕು. ನಡುವಿನ 7 ಮೀಟರು ಒಂದು ಕಾರಿನ ಉದ್ದಕ್ಕಿಂತ ಹೆಚ್ಚು. ಬ್ರೇಕ್ ಹಿಡಿಯುವ ಮುನ್ನ ಸವಾರನ ಗಮನಕ್ಕೆ ಬರಲು ಹಿಡಿಯುವ ಒಂದು ಸೆಕೆಂಡಿನಲ್ಲಿ ಸಾಗುವ 11 ಮೀಟರು ಇದರಲ್ಲಿ ಸೇರಿಲ್ಲ.

ಮಿಶ್ರಣವನ್ನು ಗುರುತಿಸುವುದು ಹೇಗೆ: ಟೈರಿನ ಪಕ್ಕದ ಗೋಡೆಯ ಮೇಲೆ ಮಿಶ್ರಣದ ವಿವರ ಇರುವುದಿಲ್ಲ. ಕಾರು, ಬಸ್ಸು ಮತ್ತು ಲಾರಿಗಳ ಟೈರುಗಳಿಗೆ ಒದ್ದೆ ರಸ್ತೆಯ ಹಿಡಿತದ ಕನಿಷ್ಠ ಮಟ್ಟವನ್ನು 2022ರ ಅಧಿಸೂಚನೆಯ ಮೂಲಕ ನಿಗದಿಪಡಿಸಲಾಗಿದೆ. ಆ ಅಧಿಸೂಚನೆಯ ವ್ಯಾಪ್ತಿಗೆ ದ್ವಿಚಕ್ರ ವಾಹನಗಳ ಟೈರು ಬರುವುದಿಲ್ಲ. ಹೀಗಾಗಿ ಗ್ರಾಹಕರು ಮಾರಾಟಗಾರರಿಂದ ಆ ಮಾದರಿಯ ಬಗ್ಗೆ ಕಂಪನಿ ನೀಡಿರುವ ವಿವರವನ್ನು ಕೇಳಿ ಪಡೆಯಬೇಕು. ಅದರಲ್ಲಿ ಒದ್ದೆ ರಸ್ತೆಯ ಹಿಡಿತ ಅಥವಾ ಸಿಲಿಕಾ ಮಿಶ್ರಣದ ಉಲ್ಲೇಖವಿದ್ದರೆ ಮುಂದಿನ ಚಕ್ರಕ್ಕೂ, ಹೆಚ್ಚು ಮೈಲೇಜು ಅಥವಾ ದೀರ್ಘ ಬಾಳಿಕೆಯ ಉಲ್ಲೇಖವಿದ್ದರೆ ಹಿಂದಿನ ಚಕ್ರಕ್ಕೂ ಪರಿಗಣಿಸಬಹುದು. ಹೆಚ್ಚು ಮೈಲೇಜಿನ ಟೈರೆಂದು ಹೇಳಿ ಮಾರುವುದನ್ನು ಮುಂದಿನ ಚಕ್ರಕ್ಕೆ ಹಾಕಿಸುವುದು ಸೂಕ್ತವಲ್ಲ.

ಹಳೆಯ ಟೈರಿನ ವಿಷಯ: ಮಿಶ್ರಣ ಎಷ್ಟೇ ಉತ್ತಮವಾಗಿದ್ದರೂ ಬಿಸಿಲು, ಗಾಳಿ ಮತ್ತು ಕಾಲ ಅದನ್ನು ಗಟ್ಟಿಯಾಗಿಸುತ್ತವೆ. ದಿನಕ್ಕೆ ನಾಲ್ಕಾರು ಕಿಲೋಮೀಟರು ಮಾತ್ರ ಓಡುವ ಸ್ಕೂಟರಿನಲ್ಲಿ ಟ್ರೆಡ್ ಚೆನ್ನಾಗಿ ಉಳಿದಿರುತ್ತದೆ, ಆದರೆ ರಬ್ಬರು ಸತ್ವ ಕಳೆದುಕೊಂಡಿರುತ್ತದೆ. ಇಂತಹ ಟೈರು ನೋಡಲು ಹೊಸದರಂತಿದ್ದು ಮಳೆಯಲ್ಲಿ ಜಾರುತ್ತದೆ. ಇದನ್ನು ಗುರುತಿಸುವ ಲಕ್ಷಣಗಳು ಮೂರು. ಪಕ್ಕದ ಗೋಡೆಯಲ್ಲಿ ಅಥವಾ ಗ್ರೂವ್‌ಗಳ ತಳದಲ್ಲಿ ಕೂದಲೆಳೆಯಂತಹ ಬಿರುಕುಗಳು ಕಾಣುತ್ತವೆ. ಮೇಲ್ಮೈ ಹೊಳಪು ಹಿಡಿದಿರುತ್ತದೆ. ಹೆಬ್ಬೆರಳಿನ ಉಗುರನ್ನು ಬ್ಲಾಕ್‌ಗೆ ಒತ್ತಿದಾಗ, ಹೊಸ ಟೈರಿನಲ್ಲಿ ಕಾಣುವಂತೆ ಗುರುತು ಮೂಡದೆ ಉಗುರು ಜಾರುತ್ತದೆ. ಐದು ವರ್ಷ ದಾಟಿದ ಟೈರನ್ನು ಪ್ರತಿ ವರ್ಷ ಮೇ ತಿಂಗಳಲ್ಲಿ ಹೀಗೆ ಪರೀಕ್ಷಿಸಬೇಕು.

5. ಟ್ರೆಡ್‌ನ ವಿನ್ಯಾಸ

ಸ್ಕೂಟರ್ ಟೈರುಗಳ ವಿನ್ಯಾಸವನ್ನು ಮೂರು ಗುಂಪುಗಳಾಗಿ ನೋಡಬಹುದು. ಸುತ್ತಲೂ ಉದ್ದಕ್ಕೆ ಓಡುವ ಗೆರೆಗಳಿರುವುದು ಒಂದು. ನಡುವಿನಿಂದ ಎರಡೂ ಅಂಚುಗಳ ಕಡೆಗೆ ಓರೆಯಾಗಿ ಹೋಗುವ ಗ್ರೂವ್‌ಗಳಿರುವುದು ಎರಡನೆಯದು. ಒಂದರಿಂದೊಂದು ಬೇರ್ಪಟ್ಟ ಬ್ಲಾಕ್‌ಗಳಿರುವುದು ಮೂರನೆಯದು.

ಗ್ರೂವ್‌ನ ಕೆಲಸ ಟೈರಿನ ಅಡಿಯ ನೀರನ್ನು ಹೊರಗೆ ದಾಟಿಸುವುದು. ನೀರು ಹೊರಹೋಗದಿದ್ದರೆ ಟೈರು ನೀರಿನ ಮೇಲೆ ತೇಲತೊಡಗುತ್ತದೆ ಎಂಬ ಆತಂಕ ಹಲವರಲ್ಲಿದೆ. ವಿಮಾನದ ಟೈರುಗಳ ಪ್ರಯೋಗಗಳಿಂದ ಬಂದಿರುವ ಒಂದು ಅಂದಾಜು ಸೂತ್ರದಂತೆ, ತೇಲುವಿಕೆ ಆರಂಭವಾಗುವ ವೇಗ ಟೈರಿನೊಳಗಿನ ಗಾಳಿಯ ಒತ್ತಡವನ್ನು ಅವಲಂಬಿಸಿದೆ. ಚದರ ಅಂಗುಲಕ್ಕೆ 22 ಪೌಂಡು ಒತ್ತಡಕ್ಕೆ ಅದು ಗಂಟೆಗೆ ಸುಮಾರು 78 ಕಿ.ಮೀ. ಆಗುತ್ತದೆ. ದುಂಡಗಿನ ಮೇಲ್ಮೈಯ ದ್ವಿಚಕ್ರ ಟೈರು ನೀರನ್ನು ಇನ್ನೂ ಸುಲಭವಾಗಿ ಸೀಳುತ್ತದೆ. ಈ ಭಾಗದ ತಿರುವುಗಳಲ್ಲಿ ಗಂಟೆಗೆ 30ರಿಂದ 50 ಕಿ.ಮೀ. ವೇಗದಲ್ಲಿ ಸಾಗುವ ಸ್ಕೂಟರಿಗೆ ನಿಜವಾದ ಅಪಾಯ ಆಳವಾದ ನೀರಿನ ಮೇಲೆ ತೇಲುವುದಲ್ಲ. ತೆಳುವಾದ ನೀರಿನ ಪೊರೆ, ಅದರಲ್ಲಿ ಬೆರೆತ ಎಣ್ಣೆ ಮತ್ತು ಕೆಸರು ನಿಜವಾದ ಅಪಾಯ. ಮೊದಲ ಮಳೆಯ ದಿನಗಳಲ್ಲಿ ರಸ್ತೆ ಹೆಚ್ಚು ಜಾರುವುದು ಇದೇ ಕಾರಣದಿಂದ.

ತೆಳುವಾದ ಪೊರೆಯನ್ನು ಕತ್ತರಿಸಲು ಗ್ರೂವ್‌ಗಳಿಗೆ ಚೂಪಾದ ಅಂಚು ಮತ್ತು ಸಾಕಷ್ಟು ಆಳ ಬೇಕು, ಜೊತೆಗೆ ರಸ್ತೆಯನ್ನು ಮುಟ್ಟಲು ಸಾಕಷ್ಟು ರಬ್ಬರೂ ಬೇಕು. ಸವೆದ ಟೈರಿನಲ್ಲಿ ಅಂಚುಗಳು ಉರುಟಾಗಿ, ಕೆಸರು ನೀರು ಹೊರಹೋಗಲು ಜಾಗವಿಲ್ಲದಂತಾಗುತ್ತದೆ. 2 ಮಿ.ಮೀ. ಆಳವನ್ನು ಉಳಿಸಿಕೊಳ್ಳಬೇಕೆನ್ನಲು ಇದೇ ಕಾರಣ. ದೊಡ್ಡ ಬ್ಲಾಕ್‌ಗಳ ಟೈರಿನಲ್ಲಿ ತೊಂದರೆ ಬೇರೆ. ಅದರಲ್ಲಿ ಖಾಲಿ ಜಾಗ ಹೆಚ್ಚಾಗಿ, ರಸ್ತೆಗೆ ತಾಗುವ ರಬ್ಬರು ಕಡಿಮೆಯಾಗುತ್ತದೆ. ಬ್ರೇಕ್ ಹಿಡಿದಾಗ ಮತ್ತು ತಿರುವಿನಲ್ಲಿ ವಾಲಿದಾಗ ಎತ್ತರದ ಬ್ಲಾಕ್‌ಗಳು ಬಾಗುತ್ತವೆ. ಆದ್ದರಿಂದ ಒದ್ದೆ ಡಾಂಬರಿನ ಮೇಲೆ ಇಂತಹ ಟೈರು ಓರೆ ಗ್ರೂವ್‌ಗಳ ಟೈರಿನಷ್ಟು ಬೇಗ ನಿಲ್ಲುವುದಿಲ್ಲ.

ಕೆಸರಿನಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ಅಲ್ಲಿ ಬ್ಲಾಕ್‌ಗಳು ಮಣ್ಣಿನೊಳಗೆ ಇಳಿದು ಚಕ್ರವನ್ನು ಮುಂದೂಡಬೇಕು, ನಡುವಿನ ಜಾಗ ಅಗಲವಾಗಿದ್ದು ಅಂಟಿದ ಮಣ್ಣು ಉದುರಿಹೋಗಬೇಕು. ಗ್ರೂವ್ ಕಿರಿದಾಗಿದ್ದರೆ ಕೆಂಪು ಮಣ್ಣು ತುಂಬಿಕೊಂಡು ಕೆಲವೇ ಸುತ್ತುಗಳಲ್ಲಿ ಟೈರು ಬೋಳು ಟೈರಿನಂತಾಗುತ್ತದೆ. ಏರು ದಾರಿಯಲ್ಲಿ ಹಿಂದಿನ ಚಕ್ರ ಅಲ್ಲೇ ತಿರುಗುವುದು ಇದರ ಲಕ್ಷಣ.

ಮೇಲಿನ ಅಂಶಗಳಿಂದ ಆಯ್ಕೆ ಹೀಗೆ ನಿರ್ಧಾರವಾಗುತ್ತದೆ.

ಅ) ಮನೆಯವರೆಗೂ ಡಾಂಬರು ಅಥವಾ ಕಾಂಕ್ರೀಟ್ ಇರುವವರು ಎರಡೂ ಚಕ್ರಗಳಿಗೆ ಓರೆ ಗ್ರೂವ್‌ಗಳ ವಿನ್ಯಾಸವನ್ನು ಆರಿಸಬೇಕು.

ಆ) ಮಣ್ಣಿನ ದಾರಿಯನ್ನು ದಿನವೂ ದಾಟಬೇಕಾದವರು ಮುಂದೆ ಓರೆ ಗ್ರೂವ್‌ಗಳ ವಿನ್ಯಾಸವನ್ನೂ, ಹಿಂದೆ ನಡುವಿನಲ್ಲಿ ಒತ್ತಾಗಿ, ಅಂಚಿನಲ್ಲಿ ಬಿಡಿಯಾಗಿ ಇರುವ ಗಿಡ್ಡ ಬ್ಲಾಕ್‌ಗಳ ವಿನ್ಯಾಸವನ್ನೂ ಆರಿಸಬಹುದು.

ಇ) ಎತ್ತರದ ಬಿಡಿ ಬ್ಲಾಕ್‌ಗಳ ಟೈರನ್ನು ಮುಂದಿನ ಚಕ್ರಕ್ಕೆ ಹಾಕಿಸಬಾರದು.

ಮುಂದೆ ಒಂದು ವಿನ್ಯಾಸ, ಹಿಂದೆ ಇನ್ನೊಂದು ವಿನ್ಯಾಸ ಇರುವುದರಿಂದ ತೊಂದರೆಯಿಲ್ಲ. ಆದರೆ ಅಳತೆ, ಭಾರದ ಸೂಚ್ಯಂಕ ಮತ್ತು ಒಳರಚನೆ ವಾಹನದ ಕೈಪಿಡಿಯಲ್ಲಿ ಹೇಳಿದಂತೆಯೇ ಇರಬೇಕು.

6. ಹೊಂಡಗಳು ಮತ್ತು ಗಾಳಿಯ ಒತ್ತಡ

ಹೊಂಡದ ಪೆಟ್ಟನ್ನು ತಡೆಯುವುದು ಟ್ರೆಡ್ ಅಲ್ಲ. ಪಕ್ಕದ ಗೋಡೆ ಮತ್ತು ಅದನ್ನು ಬಿಗಿಯಾಗಿ ಹಿಡಿದಿರುವ ಗಾಳಿ. ಮಳೆಗಾಲದಲ್ಲಿ ಗಾಳಿ ಕಡಿಮೆ ಮಾಡಿದರೆ ಹಿಡಿತ ಹೆಚ್ಚುತ್ತದೆ ಎಂದು ನಂಬಿ ಒತ್ತಡ ತಗ್ಗಿಸುವ ರೂಢಿ ಕೆಲವರಲ್ಲಿದೆ. ಹೊಂಡಗಳಿರುವ ರಸ್ತೆಯಲ್ಲಿ ಇದು ಹಾನಿಕರ. ಗಾಳಿ ಕಡಿಮೆಯಿದ್ದಾಗ ಹೊಂಡದ ಅಂಚು ಟೈರನ್ನು ರಿಮ್‌ವರೆಗೂ ಅಪ್ಪಚ್ಚಿ ಮಾಡುತ್ತದೆ. ಟ್ಯೂಬ್ ಇರುವ ಚಕ್ರದಲ್ಲಿ ಟ್ಯೂಬು ಎರಡು ಕಡೆ ಒಟ್ಟಿಗೆ ಸೀಳುತ್ತದೆ. ಟ್ಯೂಬ್‌ಲೆಸ್ ಚಕ್ರದಲ್ಲಿ ರಿಮ್‌ನ ಅಂಚು ಬಾಗಿ ಗಾಳಿ ಮೆಲ್ಲಗೆ ಸೋರುತ್ತದೆ. ಪಕ್ಕದ ಗೋಡೆಯೊಳಗಿನ ನೈಲಾನ್ ನೂಲು ತುಂಡಾದರೆ ಅಲ್ಲಿ ಉಬ್ಬು ಕಾಣಿಸಿಕೊಳ್ಳುತ್ತದೆ. ಉಬ್ಬಿದ ಟೈರಿಗೆ ದುರಸ್ತಿ ಇಲ್ಲ, ಅದನ್ನು ಕೂಡಲೇ ಬದಲಾಯಿಸಬೇಕು.

ಒತ್ತಡ ಅತಿಯಾದರೂ ತೊಂದರೆಯೇ. ಟೈರು ಕಲ್ಲಿನಂತಾಗಿ ಹೊಂಡದ ಅಂಚಿನಿಂದ ಪುಟಿಯುತ್ತದೆ ಮತ್ತು ನೆಲಕ್ಕೆ ತಾಗುವ ಭಾಗ ಕಿರಿದಾಗುತ್ತದೆ. ಆದ್ದರಿಂದ ಕೈಪಿಡಿಯಲ್ಲಿ ನಮೂದಿಸಿರುವ ಒತ್ತಡವನ್ನೇ ಪಾಲಿಸಬೇಕು. ಅದರಲ್ಲಿ ಒಬ್ಬರೇ ಸವಾರಿ ಮಾಡುವಾಗ ಮತ್ತು ಹಿಂದೆ ಒಬ್ಬರು ಕುಳಿತಿರುವಾಗ ಎಂದು ಹಿಂದಿನ ಚಕ್ರಕ್ಕೆ ಎರಡು ಪ್ರತ್ಯೇಕ ಅಂಕಿಗಳಿರಬಹುದು. ಬೆಳಗ್ಗೆ ವಾಹನ ಹೊರಡುವ ಮುನ್ನ, ಟೈರು ತಣ್ಣಗಿರುವಾಗ ಅಳೆಯುವುದು ಸರಿಯಾದ ಕ್ರಮ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಅಳೆದರೆ ಮೆಲ್ಲಗಿನ ಸೋರಿಕೆ ಬೇಗ ಗೊತ್ತಾಗುತ್ತದೆ.

ಹೊಂಡಗಳ ಕಾರಣಕ್ಕೆ ಹೆಚ್ಚು ಅಗಲದ ಟೈರು ಹಾಕಿಸುವುದೂ ಸರಿಯಲ್ಲ. ಅದು ರಿಮ್‌ಗೆ ಸರಿಯಾಗಿ ಕೂರದಿರಬಹುದು. ಮಡ್‌ಗಾರ್ಡ್‌ನೊಳಗೆ ಕೆಸರು ಸಿಕ್ಕಿ ಚಕ್ರವನ್ನು ಹಿಡಿಯಲೂಬಹುದು. ತಯಾರಕರು ನಮೂದಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದಕ್ಕೆ ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 52ರಲ್ಲಿ ನಿರ್ಬಂಧವಿದೆ.

7. ಒಂದು ಉದಾಹರಣೆ

ಗುತ್ತಿಗಾರು ಕಡೆಯ ಒಬ್ಬ ಸವಾರರು ಸುಳ್ಯಕ್ಕೆ ಕೆಲಸಕ್ಕೆ ಹೋಗಿಬರುತ್ತಾರೆ ಎಂದು ಭಾವಿಸೋಣ. ಎಲ್ಲ ಓಡಾಟ ಸೇರಿ ದಿನಕ್ಕೆ 40 ಕಿ.ಮೀ., ತಿಂಗಳಿಗೆ 25 ದಿನ. ಮನೆಯಿಂದ ಮುಖ್ಯರಸ್ತೆಗೆ ಒಂದು ಕಿಲೋಮೀಟರು ಮಣ್ಣಿನ ಏರು ದಾರಿ ಇದೆ. ಸ್ಕೂಟರಿನ ಮುಂದಿನ ಟೈರು 90/90-12, ಹಿಂದಿನದು 90/100-10. ಮೇ ಕೊನೆಯಲ್ಲಿ ಅವರು ಟೈರುಗಳನ್ನು ಪರೀಕ್ಷಿಸುತ್ತಾರೆ.

ಮೊದಲು ಹಿಂದಿನ ಟೈರು. ಬೆಂಕಿಕಡ್ಡಿಯನ್ನು ಗ್ರೂವ್‌ನ ತಳಕ್ಕೆ ಮುಟ್ಟಿಸಿ, ಮೇಲ್ಮೈ ಮಟ್ಟದಲ್ಲಿ ಉಗುರಿನಿಂದ ಗುರುತು ಮಾಡಿ, ಅಳತೆಪಟ್ಟಿಯ ಮೇಲಿಟ್ಟು ನೋಡಿದಾಗ ಆಳ 2.4 ಮಿ.ಮೀ. ಇದೆ. ಸುತ್ತಲೂ ಮೂರು ಕಡೆ ಅಳೆದು ಅತಿ ಕಡಿಮೆ ಇರುವುದನ್ನೇ ತೆಗೆದುಕೊಳ್ಳಲಾಗಿದೆ. ಹೊಸದಾಗಿದ್ದಾಗ 6 ಮಿ.ಮೀ. ಇದ್ದ ಈ ಟೈರು 14,400 ಕಿ.ಮೀ. ಓಡಿದೆ. ಅಂದರೆ 3.6 ಮಿ.ಮೀ. ಸವೆದಿದೆ, ಪ್ರತಿ 4,000 ಕಿ.ಮೀ.ಗೆ 1 ಮಿ.ಮೀ. ಆಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಅವರು 4,000 ಕಿ.ಮೀ. ಓಡಿಸುತ್ತಾರೆ. ಮಳೆಗಾಲ ಮುಗಿಯುವಾಗ ಆಳ 1.4 ಮಿ.ಮೀ. ಉಳಿಯುತ್ತದೆ. ಕಾನೂನಿನ 0.8 ಮಿ.ಮೀ. ಮಿತಿಯನ್ನು ಅದು ಒಮ್ಮೆಯೂ ಮೀರುವುದಿಲ್ಲ. ಆದರೆ 2 ಮಿ.ಮೀ. ಮಟ್ಟಕ್ಕೆ ಇಳಿಯಲು 1,600 ಕಿ.ಮೀ., ಅಂದರೆ 40 ದಿನಗಳ ಸವಾರಿ ಸಾಕು. ಜುಲೈ ಮೂರನೆಯ ವಾರದ ಹೊತ್ತಿಗೆ, ಮಳೆ ಬಲವಾಗಿರುವಾಗಲೇ, ಟೈರಿನ ಸಾಮರ್ಥ್ಯ ಕುಗ್ಗಿರುತ್ತದೆ. ಆದ್ದರಿಂದ ಹಿಂದಿನ ಟೈರನ್ನು ಮಳೆಗೆ ಮುನ್ನವೇ ಬದಲಾಯಿಸಬೇಕು. ಮಣ್ಣಿನ ದಾರಿ ಇರುವುದರಿಂದ ಮೇಲಿನ ‘ಆ’ ಕ್ರಮದ ಗಿಡ್ಡ ಬ್ಲಾಕ್‌ಗಳ ವಿನ್ಯಾಸ, ಮಧ್ಯಮ ಮಿಶ್ರಣ ಸೂಕ್ತ.

ಇನ್ನು ಮುಂದಿನ ಟೈರು. ಆಳ 3.2 ಮಿ.ಮೀ. ಇದೆ, ನೋಡಲು ಚೆನ್ನಾಗಿದೆ. ಆದರೆ ಪಕ್ಕದ ಗೋಡೆಯ ಮೇಲಿನ ದಿನಾಂಕ ಸಂಕೇತದ ಪ್ರಕಾರ ಅದಕ್ಕೆ ಏಳು ವರ್ಷ ಕಳೆದಿದೆ. ಗ್ರೂವ್‌ಗಳ ತಳದಲ್ಲಿ ಸಣ್ಣ ಬಿರುಕುಗಳಿವೆ, ಉಗುರಿನ ಗುರುತು ಮೂಡುವುದಿಲ್ಲ. ಕೇವಲ ಆಳ ನೋಡಿದವರು ಇದನ್ನು ಇನ್ನೆರಡು ವರ್ಷ ಉಳಿಸಿಕೊಳ್ಳುತ್ತಾರೆ. ಎರಡು ಟೈರುಗಳಲ್ಲಿ ಹೆಚ್ಚು ಅಪಾಯಕಾರಿಯಾದುದು ವಾಸ್ತವವಾಗಿ ಇದೇ, ಏಕೆಂದರೆ ಇಳಿಜಾರಿನ ತಿರುವಿನಲ್ಲಿ ಬ್ರೇಕ್ ಹಿಡಿದಾಗ ಭಾರವೆಲ್ಲ ಇದರ ಮೇಲೆ ಬೀಳುತ್ತದೆ. ಒಂದೇ ಟೈರು ಕೊಳ್ಳುವಷ್ಟು ಹಣವಿದ್ದರೆ ಈ ಸವಾರರು ಮೊದಲು ಮುಂದಿನದನ್ನು ಬದಲಾಯಿಸಿ, ಹಿಂದಿನದನ್ನು ಜುಲೈ ಆರಂಭದೊಳಗೆ ಬದಲಾಯಿಸಬೇಕು.

8. ಖರೀದಿಸುವಾಗ ಮತ್ತು ಹಾಕಿಸುವಾಗ

ಟೈರಿನ ಮೇಲೆ ಐ.ಎಸ್.ಐ. ಗುರುತು ಇರುವುದನ್ನು ಖಚಿತಪಡಿಸಿಕೊಳ್ಳಬೇಕು. 2009ರ ಗುಣಮಟ್ಟ ನಿಯಂತ್ರಣ ಆದೇಶದ ಮೂಲಕ ವಾಹನಗಳ ಟೈರುಗಳಿಗೆ ಇದನ್ನು ಕಡ್ಡಾಯಗೊಳಿಸಲಾಗಿದೆ. ಭಾರದ ಸೂಚ್ಯಂಕವನ್ನೂ ಕೈಪಿಡಿಯೊಂದಿಗೆ ತಾಳೆ ನೋಡಬೇಕು. ಉದಾಹರಣೆಗೆ, 53 ಎಂಬ ಸೂಚ್ಯಂಕದ ಟೈರು ನಿಗದಿತ ಒತ್ತಡದಲ್ಲಿ 206 ಕಿ.ಗ್ರಾಂ. ಭಾರ ಹೊರಬಲ್ಲದು.

ತಯಾರಿಕೆಯ ದಿನಾಂಕವನ್ನು ನಾಲ್ಕು ಅಂಕಿಗಳಲ್ಲಿ ಅಚ್ಚೊತ್ತಲಾಗಿರುತ್ತದೆ. ಮೊದಲ ಎರಡು ಅಂಕಿ ವಾರವನ್ನು, ಕೊನೆಯ ಎರಡು ಅಂಕಿ ವರ್ಷವನ್ನು ಸೂಚಿಸುತ್ತವೆ. 2324 ಎಂದಿದ್ದರೆ ಅದು 2024ರ 23ನೆಯ ವಾರದಲ್ಲಿ ತಯಾರಾದ ಟೈರು. ಅಂಗಡಿಯಲ್ಲಿ ಬಹುಕಾಲ ಉಳಿದ ಟೈರನ್ನು ರಿಯಾಯಿತಿಗಾಗಿ ಕೊಳ್ಳುವುದು ಮಳೆಗಾಲದ ದೃಷ್ಟಿಯಿಂದ ಲಾಭಕರವಲ್ಲ. ಸವೆದ ಟೈರಿನಲ್ಲಿ ಹೊಸದಾಗಿ ಗ್ರೂವ್ ಕೊರೆದು ಮಾರುವ ಟೈರುಗಳನ್ನು ಕೊಳ್ಳಲೇಬಾರದು. ಅವುಗಳಲ್ಲಿ ನೂಲಿನ ಪದರದ ಮೇಲೆ ಉಳಿದಿರುವ ರಬ್ಬರು ಅತ್ಯಲ್ಪ.

ಪಕ್ಕದ ಗೋಡೆಯ ಮೇಲೆ ಬಾಣದ ಗುರುತಿದ್ದರೆ ಚಕ್ರ ಮುಂದಕ್ಕೆ ತಿರುಗುವ ದಿಕ್ಕಿಗೇ ಬಾಣ ಇರುವಂತೆ ಹಾಕಿಸಬೇಕು. ಕೆಲವು ಮಾದರಿಗಳಲ್ಲಿ ಮುಂದಿನ ಚಕ್ರಕ್ಕೆ ಒಂದು, ಹಿಂದಿನ ಚಕ್ರಕ್ಕೆ ಇನ್ನೊಂದು ಬಾಣ ಇರುತ್ತದೆ. ಹೊಸ ಟೈರಿನ ಮೇಲ್ಮೈಯಲ್ಲಿ ಅಚ್ಚಿನಿಂದ ಬಿಡಿಸಲು ಬಳಸಿದ ಜಾರುವ ಲೇಪ ಉಳಿದಿರುವುದರಿಂದ ಮೊದಲ 100ರಿಂದ 150 ಕಿ.ಮೀ. ನಿಧಾನವಾಗಿ ಓಡಿಸಬೇಕು. ಟೈರನ್ನು ಮೇ ತಿಂಗಳಲ್ಲೇ ಹಾಕಿಸಿದರೆ ಈ ಲೇಪ ಒಣ ರಸ್ತೆಯಲ್ಲಿ ಸವೆದುಹೋಗಿ, ಮೊದಲ ಮಳೆಯ ಹೊತ್ತಿಗೆ ರಬ್ಬರು ಸಿದ್ಧವಾಗಿರುತ್ತದೆ. ಟ್ಯೂಬ್‌ಲೆಸ್ ಟೈರು ಬದಲಾಯಿಸುವಾಗ ಗಾಳಿಯ ವಾಲ್ವನ್ನೂ ಹೊಸದಾಗಿ ಹಾಕಿಸುವುದು ಒಳ್ಳೆಯದು.

ಟೈರಿನ ಅಂಚಿನಲ್ಲಿ ಟಿ.ಡಬ್ಲ್ಯು.ಐ. ಎಂಬ ಇಂಗ್ಲಿಷ್ ಅಕ್ಷರಗಳು ಅಥವಾ ಸಣ್ಣ ತ್ರಿಕೋನದ ಗುರುತು ಇರುತ್ತದೆ. ಅದರ ನೇರಕ್ಕೆ ಗ್ರೂವ್‌ನೊಳಗೆ ಒಂದು ಕಿರು ದಿಣ್ಣೆ ಇದೆ. ಮೇಲ್ಮೈ ಸವೆದು ಆ ದಿಣ್ಣೆಯ ಮಟ್ಟಕ್ಕೆ ಬಂದಿದ್ದರೆ ಟೈರು ತನ್ನ ಕೊನೆಯ ಮಿತಿ ತಲುಪಿದೆ ಎಂದು ತಿಳಿಯಬೇಕು. ನೋಂದಣಿ ನವೀಕರಣದ ತಪಾಸಣೆಗೆ ವಾಹನವನ್ನು ತರುವ ಮುನ್ನ ಅರ್ಜಿದಾರರು ಈ ಗುರುತನ್ನು ತಾವೇ ನೋಡಿಕೊಂಡರೆ ಮರಳಿ ಬರುವ ತೊಂದರೆ ತಪ್ಪುತ್ತದೆ.

ಸೂಚನೆ: ಖರೀದಿಯ ರಸೀದಿ ಮತ್ತು ವಾರಂಟಿ ಪತ್ರವನ್ನು ಟೈರಿನ ಕ್ರಮಸಂಖ್ಯೆ ಸಹಿತ ಕಾಪಾಡಿಕೊಳ್ಳತಕ್ಕದ್ದು. ತಯಾರಿಕೆಯ ದೋಷದ ಬಗ್ಗೆ ಮಾರಾಟಗಾರರಿಂದ ಪರಿಹಾರ ದೊರೆಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ನ್ನು ಸಂಪರ್ಕಿಸಬಹುದು.